ಸಂಜೆಗೆ ರಿಪೋರ್ಟ್: ನಿರೀಕ್ಷೆಗೂ ಅನುಭವಕ್ಕೂ ನಡುವಿನ ಲೆಕ್ಕ

ಹೋಟೆಲಿನಲ್ಲಿ ದೋಸೆ ಸೀದಿದ್ದರೆ ನಾಲಿಗೆಗೇ ಗೊತ್ತಾಗುತ್ತದೆ. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಪೊಟ್ಯಾಶಿಯಂ 5.8 ಎಂದು ಅಚ್ಚಾಗಿದ್ದರೆ ಅದು ಸರಿಯೋ ತಪ್ಪೋ ಎಂದು ಹೇಳುವ ಇಂದ್ರಿಯ ನಮಗಾರಿಗೂ ಇಲ್ಲ. ವೈದ್ಯರಿಗೂ ಆ ಅಂಕಿಯನ್ನು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ರೋಗಿಯ ಸ್ಥಿತಿಗೆ ಅದು ಹೊಂದದಿದ್ದಾಗ ಅನುಮಾನ ಬರಬಹುದು, ಅಷ್ಟೆ. 1973ರಲ್ಲಿ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಇಂಥ ಸೇವೆಗಳನ್ನು ಪ್ರತ್ಯೇಕ ಗುಂಪಾಗಿ ಗುರುತಿಸಿದರು. ಇವುಗಳ ಗುಣ ಕೊಳ್ಳುವ ಮೊದಲೂ ತಿಳಿಯದು, ಬಳಸಿದ ಮೇಲೂ ತಿಳಿಯದು. ಕೊಟ್ಟವರ ಮಾತನ್ನು ನಂಬಬೇಕು. ರೋಗಪತ್ತೆ ಪ್ರಯೋಗಾಲಯ, ಅಂದರೆ ನಾವು ದಿನನಿತ್ಯ ‘ಲ್ಯಾಬ್’ ಎನ್ನುವ ಜಾಗ, ಈ ಗುಂಪಿಗೆ ಸೇರಿದ್ದು.

ಆದರೂ ಜನ ಲ್ಯಾಬ್‌ಗಳ ಬಗ್ಗೆ ಗಟ್ಟಿ ಅಭಿಪ್ರಾಯ ಇಟ್ಟುಕೊಂಡಿರುತ್ತಾರೆ. ಇಲ್ಲಿ ಚೆನ್ನಾಗಿ ಮಾಡುತ್ತಾರೆ, ಅಲ್ಲಿ ಸರಿಯಿಲ್ಲ ಎಂದು ಅಕ್ಕಪಕ್ಕದವರಿಗೆ ಹೇಳುತ್ತಾರೆ. ಅಂಕಿಯ ನಿಖರತೆಯನ್ನು ಅಳೆಯಲಾಗದಿದ್ದರೆ ಅವರು ಅಳೆಯುತ್ತಿರುವುದು ಏನನ್ನು? ಊರೂರಿನಲ್ಲಿ ಶಾಖೆ ತೆರೆದ ಲ್ಯಾಬ್ ಸರಣಿಯೊಂದು ಆ ಅಭಿಪ್ರಾಯವನ್ನು ಅಂಕಿಗಳಲ್ಲಿ ಹಿಡಿಯಲು ಹೊರಟರೆ ಅದಕ್ಕೆ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ? ಈ ಅಧ್ಯಾಯದ ವಿಷಯ ಇದು.

ಅಳತೆಯ ಉಪಕರಣ ಹುಟ್ಟಿದ್ದು ಅಮೆರಿಕದಲ್ಲಿ. ಎ. ಪರಶುರಾಮನ್, ವ್ಯಾಲರಿ ಜೈತಮಲ್ ಮತ್ತು ಲಿಯೊನಾರ್ಡ್ ಬೆರಿ ಎಂಬ ಮೂವರು ಅಧ್ಯಾಪಕರು 1985ರಲ್ಲಿ ಸೇವೆಯ ಗುಣಮಟ್ಟದ ‘ಅಂತರ ಮಾದರಿ’ಯನ್ನು ಪ್ರಕಟಿಸಿದರು. ಪರಶುರಾಮನ್ ಮದ್ರಾಸಿನ ಐಐಟಿ ಮತ್ತು ಅಹಮದಾಬಾದಿನ ಐಐಎಂಗಳಲ್ಲಿ ಓದಿ ಅಲ್ಲಿಗೆ ಹೋದವರು. ಬ್ಯಾಂಕು, ಕ್ರೆಡಿಟ್ ಕಾರ್ಡ್, ಷೇರು ದಲ್ಲಾಳಿ ಮತ್ತು ಯಂತ್ರ ದುರಸ್ತಿ ಸೇವೆಗಳನ್ನು ಆರಿಸಿಕೊಂಡು, ಅಲ್ಲಿನ ಅಧಿಕಾರಿಗಳನ್ನೂ ಗ್ರಾಹಕರ 12 ಗುಂಪುಗಳನ್ನೂ ಕೂರಿಸಿಕೊಂಡು ಮಾತಾಡಿಸಿದರು. ಅವರಿಗೆ ಕಂಡದ್ದಿಷ್ಟು: ಗ್ರಾಹಕ ಸೇವೆಯನ್ನು ಒಂಟಿಯಾಗಿ ಅಳೆಯುವುದಿಲ್ಲ. ಒಳ್ಳೆಯ ಸೇವೆ ಹೀಗಿರಬೇಕು ಎಂಬ ಚಿತ್ರವೊಂದು ಅವನ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಸಿಕ್ಕ ಸೇವೆಯನ್ನು ಆ ಚಿತ್ರದ ಪಕ್ಕದಲ್ಲಿಟ್ಟು ನೋಡುತ್ತಾನೆ. ಅನುಭವದಿಂದ ನಿರೀಕ್ಷೆಯನ್ನು ಕಳೆದರೆ ಉಳಿಯುವುದೇ ಅವನ ತೀರ್ಪು. ಉಳಿದದ್ದು ಋಣವಾದರೆ ಅತೃಪ್ತಿ, ಧನವಾದರೆ ತೃಪ್ತಿ.

1988ರಲ್ಲಿ ಅವರು ಇದನ್ನು ಪ್ರಶ್ನಾವಳಿಯಾಗಿ ಮಾಡಿದರು. 97 ವಾಕ್ಯಗಳಿಂದ ಶುರುವಾದದ್ದು ಜರಡಿ ಹಿಡಿದು 22ಕ್ಕೆ ಇಳಿಯಿತು. ಇದರ ಹೆಸರು ಸರ್ವ್‌ಕ್ವಾಲ್. ಒಂದೊಂದು ವಾಕ್ಯವೂ ಎರಡು ಸಲ ಬರುತ್ತದೆ: ಒಮ್ಮೆ ಅತ್ಯುತ್ತಮ ಲ್ಯಾಬ್ ಹೇಗಿರುತ್ತದೆ ಎಂಬುದಕ್ಕೆ, ಇನ್ನೊಮ್ಮೆ ಈ ಲ್ಯಾಬ್ ಹೇಗಿದೆ ಎಂಬುದಕ್ಕೆ. ‘ಒಳ್ಳೆಯ ಲ್ಯಾಬ್‌ನವರು ಹೇಳಿದ ಹೊತ್ತಿಗೆ ರಿಪೋರ್ಟ್ ಕೊಡುತ್ತಾರೆ’, ‘ಈ ಲ್ಯಾಬ್‌ನವರು ಹೇಳಿದ ಹೊತ್ತಿಗೆ ರಿಪೋರ್ಟ್ ಕೊಡುತ್ತಾರೆ’ ಎಂಬಂತೆ. ಉತ್ತರಗಳು ಒಂದರಿಂದ ಏಳರವರೆಗಿನ ಅಂಕಗಳಲ್ಲಿ. ಈ 22 ವಾಕ್ಯಗಳು ಐದು ಮುಖಗಳಿಗೆ ಸೇರುತ್ತವೆ. ಕಟ್ಟಡ, ಸ್ವಚ್ಛತೆ, ಕೈಗವಸು, ಹೊಸ ಸೂಜಿ ಮೊದಲಾದ ಕಣ್ಣಿಗೆ ಕಾಣುವ ಸಂಗತಿಗಳು ಒಂದು. ಹೇಳಿದ್ದನ್ನು ಹೇಳಿದಂತೆ ಮಾಡುವ ವಿಶ್ವಾಸಾರ್ಹತೆ ಎರಡನೆಯದು. ಕೇಳಿದಾಗ ಓಗೊಡುವ ಸ್ಪಂದನೆ, ಸಿಬ್ಬಂದಿಯ ತಿಳಿವಳಿಕೆಯಿಂದ ಹುಟ್ಟುವ ಭರವಸೆ, ಒಬ್ಬೊಬ್ಬರನ್ನೂ ಗಮನಿಸುವ ಆಪ್ತತೆ ಉಳಿದ ಮೂರು.

ಇದೇ ಮೂವರು 1990ರಲ್ಲಿ ತಂದ ಪುಸ್ತಕದಲ್ಲಿ ಅಮೆರಿಕದ ಗ್ರಾಹಕರು ಈ ಐದಕ್ಕೆ ಕೊಟ್ಟ ತೂಕವಿದೆ. ನೂರು ಅಂಕಗಳನ್ನು ಹಂಚಿ ಎಂದಾಗ ವಿಶ್ವಾಸಾರ್ಹತೆಗೆ 32, ಸ್ಪಂದನೆಗೆ 22, ಭರವಸೆಗೆ 19, ಆಪ್ತತೆಗೆ 16 ಬಂದವು; ಕಣ್ಣಿಗೆ ಕಾಣುವುದಕ್ಕೆ ಸಿಕ್ಕಿದ್ದು ಬರೀ 11. ಎ.ಸಿ., ಸೋಫಾ, ಗಾಜಿನ ಬಾಗಿಲುಗಳಿಗೆ ದುಡ್ಡು ಸುರಿಯುವವರು ಈ ಕೊನೆಯ ಅಂಕಿಯನ್ನು ಎರಡು ಸಲ ಓದಬೇಕು.

ದಾವಣಗೆರೆಯಿಂದ ಬೆಂಗಳೂರಿಗೆ

ಲೆಕ್ಕ ಹೇಗೆ ನಡೆಯುತ್ತದೆಂದು ನೋಡಲು ಒಂದು ಸರಣಿಯನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ಕಂಪನಿಯದೂ ಅಲ್ಲ, ಅಂಕಿಗಳೂ ವಿವರಣೆಗಾಗಿ ನಾನು ಇಟ್ಟುಕೊಂಡವು. ಆದರೆ ವ್ಯವಸ್ಥೆ ಮಾತ್ರ ಇಂದು ಎಲ್ಲ ಕಡೆ ಇರುವಂಥದ್ದೇ. ಬೆಂಗಳೂರಿನಲ್ಲಿ ದೊಡ್ಡ ಯಂತ್ರಗಳಿರುವ ಕೇಂದ್ರ ಲ್ಯಾಬ್. ದಾವಣಗೆರೆ, ಚಿತ್ರದುರ್ಗ, ತುಮಕೂರುಗಳಲ್ಲಿ ರಕ್ತ ತೆಗೆದು ಕಳಿಸುವ ಕಲೆಕ್ಷನ್ ಸೆಂಟರ್‌ಗಳು. ಯಂತ್ರ ದುಬಾರಿ, ಒಂದೇ ಕಡೆ ಸಾವಿರಾರು ಸ್ಯಾಂಪಲ್ ಸೇರಿದರೆ ಮಾತ್ರ ಒಂದೊಂದು ಪರೀಕ್ಷೆಯ ಖರ್ಚು ಇಳಿಯುತ್ತದೆ. ಹಾಗಾಗಿ ರೋಗಿ ಊರಲ್ಲೇ ಉಳಿಯುತ್ತಾನೆ, ಅವನ ರಕ್ತ ಪ್ರಯಾಣ ಮಾಡುತ್ತದೆ.

ದಾವಣಗೆರೆಯ ಸೆಂಟರಿನಲ್ಲಿ ಸಮೀಕ್ಷೆ ಮಾಡಿದರು ಎನ್ನಿ. ಸರಾಸರಿಗಳು ಹೀಗೆ ಬಂದವು. ಕಣ್ಣಿಗೆ ಕಾಣುವುದರಲ್ಲಿ ನಿರೀಕ್ಷೆ 5.4, ಅನುಭವ 5.9, ಅಂತರ ಧನ 0.5. ವಿಶ್ವಾಸಾರ್ಹತೆಯಲ್ಲಿ ನಿರೀಕ್ಷೆ 6.7, ಅನುಭವ 5.1, ಅಂತರ ಋಣ 1.6. ಸ್ಪಂದನೆಯಲ್ಲಿ ಋಣ 1.3, ಭರವಸೆಯಲ್ಲಿ ಋಣ 0.7, ಆಪ್ತತೆಯಲ್ಲಿ ಋಣ 0.6. ಐದನ್ನೂ ಸುಮ್ಮನೆ ಕೂಡಿ ಭಾಗಿಸಿದರೆ ಋಣ 0.74 ಬರುತ್ತದೆ. 1990ರ ತೂಕಗಳನ್ನು ಹಚ್ಚಿದರೆ ಅದು ಋಣ 0.97ಕ್ಕೆ ಇಳಿಯುತ್ತದೆ. ಕಾರಣ ಸರಳ: ಚೆನ್ನಾಗಿರುವ ಕಟ್ಟಡದ ಧನ ಅಂಕಿ ತೂಕದಲ್ಲಿ ಹಗುರ, ಕೆಟ್ಟಿರುವ ವಿಶ್ವಾಸಾರ್ಹತೆ ತೂಕದಲ್ಲಿ ಭಾರ. ನಮ್ಮ ಸರಣಿ ಜನ ಕೇಳದ ಕಡೆ ಹೆಚ್ಚು ಕೊಟ್ಟಿದೆ, ಕೇಳಿದ ಕಡೆ ಕಡಿಮೆ ಕೊಟ್ಟಿದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಅಂಕಪಟ್ಟಿ ಮಾತ್ರ. ಎಷ್ಟೋ ಕಡೆ ನಿಲ್ಲುವುದೂ ಇಲ್ಲೇ: ‘ಸಿಬ್ಬಂದಿ ಇನ್ನಷ್ಟು ನಗುನಗುತ್ತ ಮಾತಾಡಬೇಕು’ ಎಂಬ ಸುತ್ತೋಲೆ ಹೊರಟು ಕಡತ ಮುಚ್ಚುತ್ತದೆ. 1985ರ ಮಾದರಿಯ ನಿಜವಾದ ಬೆಲೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗ್ರಾಹಕನಿಗೆ ಕಾಣುವ ಅಂತರ ಐದನೆಯದು. ಅದರ ಬೇರುಗಳಾದ ಇನ್ನು ನಾಲ್ಕು ಅಂತರಗಳು ಸಂಸ್ಥೆಯ ಒಳಗೇ ಇವೆ ಎಂದು ಅದು ಹೇಳುತ್ತದೆ. ಜನಕ್ಕೆ ಏನು ಬೇಕೆಂದು ಆಡಳಿತಕ್ಕೆ ತಿಳಿಯದಿರುವುದು ಮೊದಲನೆಯದು. ತಿಳಿದದ್ದನ್ನು ಸರಿಯಾದ ನಿಯಮವಾಗಿ ಬರೆಯದಿರುವುದು ಎರಡನೆಯದು. ಬರೆದ ನಿಯಮದಂತೆ ಕೆಲಸ ನಡೆಯದಿರುವುದು ಮೂರನೆಯದು. ನಡೆಯುವ ಕೆಲಸಕ್ಕೂ ಜನಕ್ಕೆ ಕೊಟ್ಟ ಮಾತಿಗೂ ಹೊಂದಾಣಿಕೆ ಇಲ್ಲದಿರುವುದು ನಾಲ್ಕನೆಯದು.

ವಿಶ್ವಾಸಾರ್ಹತೆಯ ಋಣ 1.6ರ ಒಳಗೆ ಹೋಗಿ ನೋಡೋಣ. ಅದರ ಐದು ವಾಕ್ಯಗಳಲ್ಲಿ ಎಲ್ಲಕ್ಕಿಂತ ಕೆಳಗಿರುವುದು ‘ಹೇಳಿದ ಹೊತ್ತಿಗೆ ರಿಪೋರ್ಟ್’ ಎಂಬುದು. ಆದರೆ ಬೆಂಗಳೂರಿನ ಕಚೇರಿಯಲ್ಲಿ ಪರದೆಯ ಮೇಲೆ ಇದಕ್ಕೆ ತದ್ವಿರುದ್ಧ ಚಿತ್ರವಿದೆ: ರಿಪೋರ್ಟಿಗೆ ನಾಲ್ಕು ಗಂಟೆಯ ಮಿತಿ, ಬಹುಪಾಲು ಸ್ಯಾಂಪಲ್‌ಗಳು ಅದರೊಳಗೇ ಮುಗಿಯುತ್ತಿವೆ. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ತಪ್ಪೆಲ್ಲಿದೆ?

ಒಂದು ಥೈರಾಯ್ಡ್ ಪರೀಕ್ಷೆಯ ಹಿಂದೆ ಗಡಿಯಾರ ಹಿಡಿದು ಹೋಗಬೇಕು. ಬೆಳಿಗ್ಗೆ ಏಳೂವರೆಗೆ ಅಜ್ಜಿಯೊಬ್ಬರ ರಕ್ತ ತೆಗೆದರು. ಕೌಂಟರಿನ ಹುಡುಗಿ, “ಸಂಜೀಕ ಬರ್ತೈತಿ ಅಜ್ಜಿ, ನಿಮ್ಮ ಮಗನ ವಾಟ್ಸಾಪ್‌ಗೆ ಹಾಕ್ತೀವಿ” ಎಂದಳು. ಖಾಲಿ ಹೊಟ್ಟೆಯ ಪರೀಕ್ಷೆಯವರು, ತಿಂಡಿ ತಿಂದು ಎರಡು ಗಂಟೆಯ ನಂತರ ಮತ್ತೆ ಬರುವ ಸಕ್ಕರೆ ಕಾಯಿಲೆಯವರು ಎಲ್ಲರೂ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಪೆಟ್ಟಿಗೆ ಕಟ್ಟಿ ಕಳಿಸಿದ್ದು ಹನ್ನೆರಡಕ್ಕೆ. ದಾರಿ ಸುಮಾರು 260 ಕಿಲೋಮೀಟರ್; ನಡುವೆ ಚಿತ್ರದುರ್ಗದ ಪೆಟ್ಟಿಗೆಯನ್ನೂ ಹತ್ತಿಸಿಕೊಳ್ಳಬೇಕು, ಬೆಂಗಳೂರಿನ ಹೊರವಲಯದ ದಟ್ಟಣೆ ದಾಟಬೇಕು. ಕೇಂದ್ರ ಲ್ಯಾಬ್ ತಲುಪಿ ಬಾರ್‌ಕೋಡ್ ಓದಿಸಿದ್ದು ಸಂಜೆ ಏಳಕ್ಕೆ. ಯಂತ್ರ ತನ್ನ ಕೆಲಸವನ್ನು ಅರ್ಧ ಗಂಟೆಯ ಸುಮಾರಿಗೆ ಮುಗಿಸಿತು; ಸರದಿ, ಪರಿಶೀಲನೆ, ವೈದ್ಯರ ಸಹಿ ಎಲ್ಲ ಸೇರಿ ರಿಪೋರ್ಟ್ ಹೊರಟದ್ದು ರಾತ್ರಿ ಒಂಬತ್ತೂವರೆಗೆ. ಕಚೇರಿಯ ಪರದೆಯಲ್ಲಿ ಇದು ಎರಡೂವರೆ ಗಂಟೆಯ ಕೆಲಸ, ಮಿತಿಯೊಳಗೆ ಮುಗಿದದ್ದು. ಅಜ್ಜಿಯ ಲೆಕ್ಕದಲ್ಲಿ ಹದಿನಾಲ್ಕು ಗಂಟೆ. ಅವರ ವೈದ್ಯರ ಕ್ಲಿನಿಕ್ಕು ಎಂಟಕ್ಕೆ ಬಾಗಿಲು ಹಾಕಿತ್ತು.

ಲ್ಯಾಬ್‌ನ ಗಡಿಯಾರ ಓಡಲು ಶುರುವಾಗುವುದು ಸ್ಯಾಂಪಲ್ ಕೇಂದ್ರಕ್ಕೆ ಬಂದು ದಾಖಲಾದಾಗ. ರೋಗಿಯ ಗಡಿಯಾರ ಶುರುವಾಗುವುದು ಸೂಜಿ ಚುಚ್ಚಿದಾಗ. ಇದು ಎರಡನೆಯ ಅಂತರ, ನಿಯಮದ ಅಂತರ. ಕೇಂದ್ರ ಲ್ಯಾಬ್‌ನ ಮುಖ್ಯಸ್ಥರಿಗೆ ತಮ್ಮ ಕೈಯಳತೆಯಲ್ಲಿರುವ ಭಾಗವನ್ನು ಅಳೆಯುವುದು ಸಹಜ. ಸಾಗಾಟ ಬೇರೆ ವಿಭಾಗದ್ದು, ಕಲೆಕ್ಷನ್ ಸೆಂಟರ್ ಫ್ರಾಂಚೈಸಿ ಪಡೆದವರದ್ದು. ಒಬ್ಬೊಬ್ಬರೂ ತಮ್ಮ ತುಂಡನ್ನು ಸರಿಯಾಗಿಯೇ ಮಾಡುತ್ತಿರುತ್ತಾರೆ. ಇಡೀ ದಾರಿಯ ಒಡೆಯರು ಯಾರೂ ಇರುವುದಿಲ್ಲ. ಲ್ಯಾಬ್ ಸರಣಿಗಳಲ್ಲಿ ರಿಪೋರ್ಟಿನ ಸಮಯದ ಬಗ್ಗೆ ದೂರು ಹೆಚ್ಚಿದ್ದು, ಒಳಗಿನ ಅಂಕಿ ಚೆನ್ನಾಗಿದ್ದರೆ, ಮೊದಲು ಹುಡುಕಬೇಕಾದದ್ದು ಇದನ್ನೇ.

ನಾಲ್ಕನೆಯ ಅಂತರ ಕೌಂಟರಿನಲ್ಲಿದೆ. ‘ಅದೇ ದಿನ ರಿಪೋರ್ಟ್’ ಎಂಬ ಬೋರ್ಡನ್ನು ಬೆಂಗಳೂರಿನ ಪ್ರಚಾರ ವಿಭಾಗ ಬರೆಸಿತು. ಬೆಂಗಳೂರಿನ ಸೆಂಟರ್‌ಗಳಿಗೆ ಅದು ನಿಜವೂ ಹೌದು. ಅದೇ ಬೋರ್ಡು ದಾವಣಗೆರೆಗೂ ಹೋಯಿತು. ರಾತ್ರಿ ಒಂಬತ್ತೂವರೆಯೂ ಅದೇ ದಿನವೇ, ಅಕ್ಷರಶಃ. ಆದರೆ ಹುಡುಗಿಯ ಬಾಯಲ್ಲಿ ಅದು ‘ಸಂಜೆ’ ಆಯಿತು, ಅಜ್ಜಿಯ ಕಿವಿಯಲ್ಲಿ ‘ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ’ ಆಯಿತು.

ಮೊದಲನೆಯ ಅಂತರ ಇವೆಲ್ಲದರ ಕೆಳಗಿದೆ. ಜನಕ್ಕೆ ವೇಗ ಬೇಕು ಎಂದು ಆಡಳಿತ ತಿಳಿದಿತ್ತು. ರೋಗಿಗಳನ್ನು ಕೂರಿಸಿಕೊಂಡು ಕೇಳಿದ್ದರೆ ಬೇರೆ ಸಂಗತಿ ಹೊರಬರುತ್ತಿತ್ತು. ಥೈರಾಯ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಒಂದು ರಾತ್ರಿ ಕಾಯಲು ಬಹಳ ಜನ ಸಿದ್ಧ. ಅವರಿಗೆ ಬೇಕಿರುವುದು ಯಾವಾಗ ಬರುತ್ತದೆಂಬ ನಿಶ್ಚಯ. ಮಗ ಅಂಗಡಿ ಮುಚ್ಚಿ ಬರಬೇಕು, ಹಳ್ಳಿಯಿಂದ ಬಸ್ಸು ಹಿಡಿಯಬೇಕು, ಡಾಕ್ಟರ ಹತ್ತಿರ ಚೀಟಿ ಬರೆಸಬೇಕು. ರಿಪೋರ್ಟ್ ಬಾರದ ಸಂಜೆ ಎಂದರೆ ಒಂದು ದಿನದ ದುಡಿಮೆ ಹೋಯಿತು, ಬಸ್ ಚಾರ್ಜು ಎರಡಾಯಿತು ಎಂದರ್ಥ. ಈ ವಿವರ 22 ವಾಕ್ಯಗಳ ಯಾವ ಅಂಕದಲ್ಲೂ ಸಿಗದು. ಅಂಕ ದಾರಿ ತೋರಿಸುತ್ತದೆ, ಕಾರಣ ತಿಳಿಯಲು ಮಾತಾಡಿಸಲೇಬೇಕು.

ಹಾಗಾದರೆ ದಾವಣಗೆರೆಯ ಬೋರ್ಡನ್ನು ‘ಮರುದಿನ ಬೆಳಿಗ್ಗೆ ಹತ್ತಕ್ಕೆ’ ಎಂದು ಬದಲಿಸಿದರೆ? ಯಂತ್ರ ಅದೇ, ವ್ಯಾನ್ ಅದೇ, ಒಂದು ನಿಮಿಷವೂ ಬೇಗವಾಗಿಲ್ಲ. ಆದರೂ ರಿಪೋರ್ಟ್ ಹಿಂದಿನ ರಾತ್ರಿಯೇ ಬಂದು ಅಂತರ ಮುಚ್ಚಿಹೋಗುತ್ತದೆ, ಧನವೂ ಆಗಬಹುದು. ನಿರೀಕ್ಷೆಯನ್ನು ಕೆಳಗಿಳಿಸಿ ಅಂಕ ಗಿಟ್ಟಿಸುವುದು ಮೋಸವಲ್ಲವೇ ಎಂದು ಕೇಳಬಹುದು. ನನ್ನ ಮಟ್ಟಿಗೆ ಇಲ್ಲಿ ಅದು ಮೋಸವಲ್ಲ. ನಿಜವಾದ ಸಮಯವನ್ನು ಮೊದಲೇ ಹೇಳುವುದು ರೋಗಿಗೆ ತನ್ನ ದಿನವನ್ನು ತಾನೇ ಹೊಂದಿಸಿಕೊಳ್ಳುವ ಅಧಿಕಾರ ಕೊಡುವುದು. ಅವಸರ ಇರುವವರು ಊರಲ್ಲೇ ಪರೀಕ್ಷೆ ಮಾಡುವ ಲ್ಯಾಬ್‌ಗೆ ಹೋಗಲಿ. ಜೊತೆಗೆ ಬೆಳಿಗ್ಗೆ ಒಂಬತ್ತಕ್ಕೇ ಒಂದು ಪೆಟ್ಟಿಗೆ ಹೊರಡಿಸಿ, ಉಳಿದದ್ದನ್ನು ಹನ್ನೆರಡಕ್ಕೆ ಕಳಿಸಿದರೆ ಬೇಗ ಬಂದವರ ರಿಪೋರ್ಟ್ ನಿಜಕ್ಕೂ ಸಂಜೆಗೇ ಸಿಕ್ಕೀತು. ಅದಕ್ಕೆ ದುಡ್ಡು ಬೇಕು. ಯಾವ ದಾರಿ ಹಿಡಿಯಬೇಕೆಂಬುದನ್ನು ಈಗ ಕಣ್ಣುಬಿಟ್ಟು ನಿರ್ಧರಿಸಬಹುದು.

ಎರಡನೆಯ ಸಲ ಚುಚ್ಚಿದಾಗ

ಮೂರನೆಯ ಅಂತರವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಅಂತರ ಮಾದರಿ ಎಲ್ಲಿ ಸೋಲುತ್ತದೆ ಎಂಬುದು ಇಲ್ಲಿಯೇ ಕಾಣುವುದು.

ಲ್ಯಾಬ್ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದಲ್ಲಿ ಆಗುವುದಿಲ್ಲ. ಇಟಲಿಯ ಪಾಡುವಾದ ಆಸ್ಪತ್ರೆಯೊಂದರ ತುರ್ತು ಲ್ಯಾಬ್‌ನಲ್ಲಿ ಮಾರಿಯೊ ಪ್ಲೆಬಾನಿ ಮತ್ತು ಪಾವೊಲೊ ಕರಾರೊ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪುಗಳ ಶೇ 68ರಷ್ಟು ಸ್ಯಾಂಪಲ್ ಯಂತ್ರಕ್ಕೆ ಹೋಗುವ ಮೊದಲೇ ಆಗಿದ್ದವು. ಯಂತ್ರದ ಹಂತದಲ್ಲಿ ಆದವು ಶೇ 13. ಹತ್ತು ವರ್ಷ ಬಿಟ್ಟು ಮತ್ತೆ ನೋಡಿದಾಗಲೂ ಯಂತ್ರಕ್ಕೆ ಮುಂಚಿನ ಹಂತವೇ ಮುಂದಿತ್ತು. ಸರಣಿಯ ಲ್ಯಾಬ್‌ನಲ್ಲಿ ಈ ಹಂತ ಬಹುಪಾಲು ನಡೆಯುವುದು ಕಲೆಕ್ಷನ್ ಸೆಂಟರಿನಲ್ಲಿ ಮತ್ತು ದಾರಿಯಲ್ಲಿ.

ಬೆಳಿಗ್ಗೆ ಎಂಟು ಗಂಟೆಯ ಸೆಂಟರನ್ನು ನೆನಪಿಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು. ಹೆಸರು ಬರೆಯುವುದು, ರಕ್ತ ತೆಗೆಯುವುದು, ಟ್ಯೂಬಿಗೆ ಚೀಟಿ ಅಂಟಿಸುವುದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವುದು, ಎಲ್ಲಕ್ಕೂ ಇಬ್ಬರೇ. ನಿಯಮ ಹೇಳುತ್ತದೆ: ತೋಳಿಗೆ ಕಟ್ಟುವ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಡಬಾರದು, ಹಳದಿ ಮುಚ್ಚಳದ ಟ್ಯೂಬಿನ ರಕ್ತ ಹೆಪ್ಪುಗಟ್ಟಲು ಸುಮಾರು ಅರ್ಧ ಗಂಟೆ ಬಿಡಬೇಕು, ಆಮೇಲೆ ತಿರುಗಿಸಿ, ಒಳಗಿನ ಜೆಲ್ ಪದರದ ಕೆಳಗೆ ಕಣಗಳನ್ನು ಕೂರಿಸಿ, ಮೇಲಿನ ಸೀರಮ್ಮನ್ನು ಬೇರೆ ಮಾಡಿ ಕಳಿಸಬೇಕು. ಸಾಲು ಬೆಳೆದಾಗ ಮೊದಲು ಬಲಿಯಾಗುವುದು ಆ ಅರ್ಧ ಗಂಟೆ.

ಪೊಟ್ಯಾಶಿಯಂ ಪರೀಕ್ಷೆಯಲ್ಲಿ ಇಂಥ ಅವಸರದ ಪರಿಣಾಮ ಸ್ಪಷ್ಟ. ರಕ್ತದ ಕೆಂಪು ಕಣದೊಳಗೆ ಇರುವ ಪೊಟ್ಯಾಶಿಯಂ ಹೊರಗಿನ ದ್ರವದಲ್ಲಿ ಇರುವುದಕ್ಕಿಂತ 20 ಪಟ್ಟಿಗೂ ಹೆಚ್ಚು. ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ಚಿಮ್ಮಿಸಿದರೆ, ಟ್ಯೂಬನ್ನು ಕುಲುಕಿದರೆ ಕಣಗಳು ಒಡೆಯುತ್ತವೆ. ಒಳಗಿನದು ಹೊರಗೆ ಬೆರೆತು ಅಂಕಿ ಏರುತ್ತದೆ. ಆಗ ಸೀರಮ್ ಕೆಂಪಾಗಿ ಕಾಣುವುದರಿಂದ ಇದನ್ನು ಹಿಡಿಯಬಹುದು. ಇಂದಿನ ಯಂತ್ರಗಳು ಆ ಕೆಂಪನ್ನು ತಾವೇ ಅಳೆದು ಎಚ್ಚರಿಸುತ್ತವೆ. ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಕಪಟಿ. ಕಣಗಳನ್ನು ಬೇರೆ ಮಾಡದೆ, ಕೆಡದಿರಲಿ ಎಂದು ಐಸ್ ಪೆಟ್ಟಿಗೆಯಲ್ಲಿಟ್ಟು ಗಂಟೆಗಟ್ಟಲೆ ಸಾಗಿಸಿದರೆ, ಪೊಟ್ಯಾಶಿಯಂ ಅನ್ನು ಒಳಗೆ ಹಿಡಿದಿಡುವ ಪಂಪು ಚಳಿಗೆ ನಿಧಾನವಾಗುತ್ತದೆ, ಕಣ ಒಡೆಯದೆಯೇ ಪೊಟ್ಯಾಶಿಯಂ ಸೋರುತ್ತದೆ. ಸೀರಮ್ ತಿಳಿಯಾಗಿಯೇ ಇರುತ್ತದೆ, ಅಂಕಿ ಮಾತ್ರ ಸುಳ್ಳು. ಚಳಿಗೆ ಇಡದೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಬೇರೆ ತೊಂದರೆ: ಕಣಗಳು ಟ್ಯೂಬಿನೊಳಗೂ ಬದುಕಿಯೇ ಇರುವುದರಿಂದ ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ತಿಂದು ಹಾಕುತ್ತವೆ. ಸಕ್ಕರೆ ಪರೀಕ್ಷೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬನ್ನೇ ಬಳಸುವುದು ಇದನ್ನು ತಡೆಯಲು.

ಈಗ ನಮ್ಮ ಸರಣಿಯ ಎರಡು ಸೆಂಟರ್‌ಗಳನ್ನು ಅಕ್ಕಪಕ್ಕ ಇಡೋಣ. ಎರಡರಲ್ಲೂ ಒಂದೊಂದು ಸ್ಯಾಂಪಲ್‌ನ ಸೀರಮ್ ಕೆಂಪಾಗಿದೆ. ಮೊದಲನೆಯ ಕಡೆ ಕೇಂದ್ರ ಲ್ಯಾಬ್ ಅದನ್ನು ತಿರಸ್ಕರಿಸಿತು. ರೋಗಿಗೆ ಫೋನು ಹೋಯಿತು: “ಸರ್, ದಯವಿಟ್ಟು ನಾಳೆ ಮತ್ತೆ ಬನ್ನಿ, ಇನ್ನೊಂದು ಸಲ ರಕ್ತ ತೆಗೀಬೇಕು.” ಎರಡನೆಯ ಕಡೆ ಎಚ್ಚರಿಕೆಯನ್ನು ಬದಿಗೊತ್ತಿ 5.8 ಎಂದು ಅಚ್ಚು ಹಾಕಿ, ಹೇಳಿದ ಹೊತ್ತಿಗೆ ಕಳಿಸಿದರು. ಸಮೀಕ್ಷೆಯಲ್ಲಿ ಏನಾಗುತ್ತದೆ? ಮೊದಲ ರೋಗಿ ‘ಮೊದಲ ಸಲಕ್ಕೇ ಸರಿಯಾಗಿ ಮಾಡುತ್ತಾರೆ’ ಎಂಬ ವಾಕ್ಯಕ್ಕೆ ಎರಡು ಅಂಕ ಕೊಡುತ್ತಾನೆ, ‘ಹೇಳಿದ ಹೊತ್ತಿಗೆ’ ಎಂಬುದಕ್ಕೆ ಒಂದು. ಅವನ ಸಿಟ್ಟು ನ್ಯಾಯವಾದದ್ದೇ. ಕೈ ಎರಡು ಸಲ ನೊಂದಿದೆ. ಎರಡನೆಯ ರೋಗಿ ಎಲ್ಲದಕ್ಕೂ ಏಳು ಅಂಕ ಕೊಟ್ಟು ಹೋಗುತ್ತಾನೆ. ಇಲ್ಲದ ಪೊಟ್ಯಾಶಿಯಂಗೆ ಅವನಿಗೆ ಔಷಧಿ ಶುರುವಾಗಬಹುದು, ಬೇಕಾದ ಔಷಧಿ ನಿಲ್ಲಬಹುದು. ಅದರ ಮೂಲ ಲ್ಯಾಬ್‌ನಲ್ಲಿತ್ತು ಎಂದು ಅವನಿಗೆ ಎಂದಿಗೂ ತಿಳಿಯದು.

ಪ್ರಾಮಾಣಿಕ ಸೆಂಟರ್ ಅಂಕ ಕಳೆದುಕೊಂಡಿತು, ತಪ್ಪು ಮುಚ್ಚಿದ ಸೆಂಟರ್ ಅಂಕ ಗಳಿಸಿತು. ಇನ್ನು ಈ ಅಂಕಕ್ಕೆ ಮ್ಯಾನೇಜರನ ಬೋನಸ್ಸನ್ನು ಕಟ್ಟಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ: ಎಚ್ಚರಿಕೆಯನ್ನು ಬದಿಗೊತ್ತಲು ಅದೇ ಆಹ್ವಾನ. ಬ್ಯಾಂಕಿನಲ್ಲಿ, ದುರಸ್ತಿ ಅಂಗಡಿಯಲ್ಲಿ ಗ್ರಾಹಕನ ಅನುಭವ ವಾಸ್ತವದಿಂದ ಬಹಳ ದೂರ ಹೋಗಲಾರದು. ಖಾತೆಯ ಲೆಕ್ಕ ತಪ್ಪಿದರೆ, ಪಂಪು ಮತ್ತೆ ಕೆಟ್ಟರೆ ಅವನಿಗೇ ತಿಳಿಯುತ್ತದೆ. ಆ ಸೇವೆಗಳ ಮೇಲೆ ಕಟ್ಟಿದ ಮಾದರಿಯನ್ನು ಲ್ಯಾಬ್‌ಗೆ ಹಾಗೆಯೇ ತಂದರೆ ‘ವಿಶ್ವಾಸಾರ್ಹತೆ’ ಎಂಬ ಹೆಸರಿನಡಿ ಅಳೆಯುವುದು ಸಮಯಪಾಲನೆಯನ್ನು ಮಾತ್ರ. ಈ ಕೊರತೆಯನ್ನು ಪ್ರಶ್ನಾವಳಿ ತಿದ್ದಿ ತುಂಬಲಾಗದು, ಏಕೆಂದರೆ ಉತ್ತರ ರೋಗಿಯ ಬಳಿ ಇಲ್ಲವೇ ಇಲ್ಲ.

ಅದನ್ನು ತಿಳಿಯಲು ಬೇರೆ ದಾರಿಗಳಿವೆ, ಲ್ಯಾಬ್‌ನವರಿಗೆ ಅವು ಹೊಸವೂ ಅಲ್ಲ. ಬೆಲೆ ಗೊತ್ತಿರುವ ನಿಯಂತ್ರಣ ಮಾದರಿಗಳನ್ನು ದಿನವೂ ಯಂತ್ರಕ್ಕೆ ಹಾಕಿ ನೋಡುತ್ತಾರೆ. ಹೊರಗಿನ ಸಂಸ್ಥೆ ಕಳಿಸುವ ಗುಟ್ಟಿನ ಮಾದರಿಗಳನ್ನು ಪರೀಕ್ಷಿಸಿ ಉತ್ತರ ಕಳಿಸುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವ ಇಂಥ ಯೋಜನೆಯಲ್ಲಿ ದೇಶದ ಬಹಳಷ್ಟು ಲ್ಯಾಬ್‌ಗಳು ಭಾಗವಹಿಸುತ್ತವೆ. ಎನ್‌ಎಬಿಎಲ್ ಮಾನ್ಯತೆ ಕೊಡುವಾಗ ಐಎಸ್‌ಒ 15189 ಎಂಬ ಮಾನದಂಡದಂತೆ ಇವನ್ನೆಲ್ಲ ಪರಿಶೀಲಿಸುತ್ತದೆ. ಅಂತರ ಮಾದರಿಯ ಅಂಕಪಟ್ಟಿಯ ಪಕ್ಕದಲ್ಲೇ ಒಂದೊಂದು ಸೆಂಟರಿನ ತಿರಸ್ಕೃತ ಸ್ಯಾಂಪಲ್‌ಗಳ ಪ್ರಮಾಣ, ತಿರಸ್ಕಾರದ ಕಾರಣ ಇವನ್ನೂ ಇಟ್ಟು ಓದಬೇಕು. ತಿರಸ್ಕಾರ ತೀರಾ ಹೆಚ್ಚಿದ್ದರೆ ರಕ್ತ ತೆಗೆಯುವವರಿಗೆ ತರಬೇತಿಯೂ ಇನ್ನೊಬ್ಬ ಸಹಾಯಕರೂ ಬೇಕು. ಗ್ರಾಹಕರ ಅಂಕ ತುಂಬ ಚೆನ್ನಾಗಿದ್ದು ತಿರಸ್ಕಾರ ಸೊನ್ನೆಯಾಗಿದ್ದರೆ ಆ ಸೆಂಟರಿಗೆ ಅದೇ ವಾರ ಯಾರಾದರೂ ಹೋಗಿ ನೋಡಿಬರಬೇಕು. ತಿಂಗಳುಗಟ್ಟಲೆ ಒಂದು ಸ್ಯಾಂಪಲ್ಲೂ ಕೆಡದ ಸೆಂಟರನ್ನು ನಾನು ನಂಬಲಾರೆ.

ಅಂಕಗಳನ್ನು ಓದುವಾಗ

ಮಾದರಿಯ ಬಗ್ಗೆ ಸಂಶೋಧಕರೇ ಎತ್ತಿದ ತಕರಾರುಗಳೂ ಇವೆ. ನಿರೀಕ್ಷೆ ಏನು ಎಂದು ಕೇಳಿದರೆ ಎಲ್ಲರೂ ಏಳು ಎನ್ನುತ್ತಾರೆ. ಅದರಲ್ಲೂ ಆರೋಗ್ಯದ ವಿಷಯದಲ್ಲಿ ಕಡಿಮೆ ಹೇಳುವವರು ಯಾರು? ‘ಹೀಗಿರಬೇಕು’ ಎಂಬ ಮಾತೇ ಅಂಕವನ್ನು ಉಬ್ಬಿಸುತ್ತದೆಂದು ಕಂಡು 1991ರಲ್ಲಿ ಸರ್ವ್‌ಕ್ವಾಲ್ ರೂಪಿಸಿದ ಮೂವರೂ ವಾಕ್ಯಗಳನ್ನು ‘ಅತ್ಯುತ್ತಮ ಸಂಸ್ಥೆ ಹೀಗಿರುತ್ತದೆ’ ಎಂದು ತಿದ್ದಿದರು. ಮರುವರ್ಷ ಜೋಸೆಫ್ ಕ್ರೋನಿನ್ ಮತ್ತು ಸ್ಟೀವನ್ ಟೇಲರ್ ಇನ್ನೂ ಮುಂದೆ ಹೋಗಿ, ನಿರೀಕ್ಷೆಯನ್ನು ಕೇಳುವುದೇ ಬೇಡ, ಅನುಭವದ ಅಂಕವೊಂದೇ ಸಾಕು, ಗ್ರಾಹಕರ ಒಟ್ಟು ಅಭಿಪ್ರಾಯವನ್ನು ಅದು ಇನ್ನೂ ಚೆನ್ನಾಗಿ ಹೇಳುತ್ತದೆ ಎಂದು ತೋರಿಸಿದರು. ಶಾಖೆ ಶಾಖೆಗಳನ್ನು ಹೋಲಿಸಲು ಅವರ ಮಾತೇ ಸರಿ. ಪ್ರಶ್ನೆಗಳೂ ಅರ್ಧಕ್ಕೆ ಇಳಿಯುತ್ತವೆ. ಆದರೆ ಎಲ್ಲಿ ದುರಸ್ತಿ ಬೇಕು ಎಂದು ಹುಡುಕುವಾಗ ನಿರೀಕ್ಷೆಯನ್ನು ಬಿಟ್ಟರೆ ದಾವಣಗೆರೆಯ ಬೋರ್ಡಿನ ಕಥೆ ಹೊರಬರುವುದೇ ಇಲ್ಲ.

ನಿರೀಕ್ಷೆಯನ್ನು ಯಾವಾಗ ಕೇಳುತ್ತೇವೆಂಬುದೂ ಮುಖ್ಯ. ರಿಪೋರ್ಟ್ ತಡವಾದ ಮೇಲೆ ಕೇಳಿದರೆ, ಕಾದ ಬೇಸರವೇ ನಿರೀಕ್ಷೆಯನ್ನು ಬರೆಯುತ್ತದೆ. ಆದ್ದರಿಂದ ಸಾಲಿನಲ್ಲಿ ಕೂತಿರುವಾಗ, ರಕ್ತ ತೆಗೆಯುವ ಮುಂಚೆ ಅದನ್ನು ಕೇಳಿಡಬೇಕು. ಅನುಭವವನ್ನು ರಿಪೋರ್ಟ್ ತಲುಪಿದ ಎರಡು ಮೂರು ದಿನಗಳೊಳಗೆ ಫೋನಿನಲ್ಲಿ ಕೇಳಬೇಕು. ಕೇಳುವವರು ಆ ಸೆಂಟರಿನವರೇ ಆಗಿರಬಾರದು. ನಾಳೆ ಮತ್ತೆ ಅದೇ ಕೈಗೆ ತೋಳು ಒಡ್ಡಬೇಕಾದವರು ಆ ಕೈಗೆ ಕಡಿಮೆ ಅಂಕ ಕೊಡಲು ಹಿಂಜರಿಯುತ್ತಾರೆ. ಇನ್ನೊಂದು ವಿಷಯ: ಲ್ಯಾಬ್‌ಗೆ ಗ್ರಾಹಕರು ಇಬ್ಬರು. ದುಡ್ಡು ಕೊಡುವವರು ರೋಗಿ, ಅಂಕಿಯನ್ನು ಬಳಸುವವರು ವೈದ್ಯರು. ಅಪಾಯದ ಅಂಕಿ ಬಂದಾಗ ತಕ್ಷಣ ಫೋನು ಬರುತ್ತದೆಯೇ, ಅನುಮಾನ ಹೇಳಿದರೆ ಮರುಪರೀಕ್ಷೆ ಮಾಡುತ್ತಾರೆಯೇ ಎಂಬುದನ್ನು ವೈದ್ಯರು ಮಾತ್ರ ಹೇಳಬಲ್ಲರು. ರೋಗಿಗಳ ಸಮೀಕ್ಷೆಯಷ್ಟೇ ಮಾಡಿ ಮುಗಿಸಿದ ಸರಣಿಗೆ ಅರ್ಧ ಚಿತ್ರ ಮಾತ್ರ ಸಿಕ್ಕಿರುತ್ತದೆ.

ಮುಂದಿನ ಸಲ ರಕ್ತ ಕೊಡಲು ಹೋದಾಗ ನೀವು ಮೂರು ಸಂಗತಿ ಕೇಳಿ: ಈ ಸ್ಯಾಂಪಲ್ ಪರೀಕ್ಷೆಯಾಗುವುದು ಯಾವ ಊರಿನಲ್ಲಿ, ರಿಪೋರ್ಟ್ ಎಷ್ಟು ಗಂಟೆಗೆ ಬರುತ್ತದೆ, ನನಗೆ ಬರೆದುಕೊಟ್ಟಿರುವ ಪರೀಕ್ಷೆ ನಿಮ್ಮ ಎನ್‌ಎಬಿಎಲ್ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ. ಮಾನ್ಯತೆ ಸಿಗುವುದು ಪಟ್ಟಿ ಮಾಡಿದ ಪರೀಕ್ಷೆಗಳಿಗೆ. ಬಾಗಿಲಿನ ಮೇಲೆ ಚಿಹ್ನೆ ಇದ್ದ ಮಾತ್ರಕ್ಕೆ ಒಳಗಿನ ಎಲ್ಲ ಪರೀಕ್ಷೆಗಳೂ ಅದರಲ್ಲಿ ಸೇರಿರಬೇಕೆಂದಿಲ್ಲ. ಮತ್ತೆ ಬನ್ನಿ, ಇನ್ನೊಮ್ಮೆ ರಕ್ತ ತೆಗೆಯಬೇಕು ಎಂದು ಲ್ಯಾಬ್‌ನಿಂದ ಫೋನು ಬಂದರೆ ಕಾರಣ ಕೇಳಿ, ಮರುಪರೀಕ್ಷೆಗೆ ದುಡ್ಡು ಕೊಡಬೇಡಿ, ಆದರೆ ದಯವಿಟ್ಟು ಹೋಗಿ ಬನ್ನಿ.